ಪೋರ್ಟ್ ಮಾಡಿಸಿದ ಪಾಲಿಸಿ, ತಿರಸ್ಕೃತವಾದ ಕ್ಲೇಮು: ಸೋಮವಾರಪೇಟೆಯ ಒಂದು ಪ್ರಕರಣ

2025ರ ಜನವರಿಯಲ್ಲಿ ಸೋಮವಾರಪೇಟೆ ತಾಲ್ಲೂಕಿನ 53 ವರ್ಷದ ಕಾಫಿ ಬೆಳೆಗಾರರೊಬ್ಬರಿಗೆ ಬೆಳಗಿನ ಹೊತ್ತು ಎದೆನೋವು ಕಾಣಿಸಿಕೊಂಡಿತು. ಊರಿನ ಆಸ್ಪತ್ರೆಯಲ್ಲಿ ಇಸಿಜಿ ತೆಗೆದು, ಪ್ರಥಮ ಚಿಕಿತ್ಸೆ ಕೊಟ್ಟು, ಕುಶಾಲನಗರದ ಮಾರ್ಗವಾಗಿ ಮೈಸೂರಿನ ಖಾಸಗಿ ಆಸ್ಪತ್ರೆಯೊಂದಕ್ಕೆ ಕಳುಹಿಸಲಾಯಿತು. ಅಂದೇ ಆಂಜಿಯೋಪ್ಲಾಸ್ಟಿ ನಡೆಯಿತು. ಎರಡು ಸ್ಟೆಂಟ್‌ಗಳನ್ನು ಅಳವಡಿಸಿದರು. ನಾಲ್ಕನೆಯ ದಿನ ಮನೆಗೆ ಹೊರಡುವಾಗ ಬಿಲ್ಲು 3,86,000 ರೂಪಾಯಿ ಆಗಿತ್ತು. ಅವರ ಬಳಿ ಐದು ಲಕ್ಷ ರೂಪಾಯಿಯ ಆರೋಗ್ಯ ವಿಮೆ ಇತ್ತಾದರೂ ಕ್ಯಾಶ್‌ಲೆಸ್ ಕೋರಿಕೆಯನ್ನು ಕಂಪನಿ ಒಪ್ಪಲಿಲ್ಲ. ಅರೇಬಿಕಾ ಕೊಯ್ಲು ಮುಗಿಯುತ್ತಿದ್ದ ಕಾಲವಾದ್ದರಿಂದ, ಕಾಫಿ ವ್ಯಾಪಾರಿಯಿಂದ ಮುಂಗಡ ತಂದು ಕುಟುಂಬವೇ ಹಣ ಕಟ್ಟಿತು.

ಕ್ಯಾಶ್‌ಲೆಸ್ ನಿರಾಕರಣೆ ಎಂದರೆ ಕ್ಲೇಮಿನ ತಿರಸ್ಕಾರವಲ್ಲ. ಬಿಲ್ಲು ಕಟ್ಟಿ, ಆಮೇಲೆ ಮರುಪಾವತಿ ಕೇಳುವ ಹಕ್ಕು ಹಾಗೆಯೇ ಉಳಿದಿರುತ್ತದೆ. ಈ ಕುಟುಂಬವೂ ಫೆಬ್ರವರಿಯಲ್ಲಿ ಮೂಲ ಬಿಲ್ಲು, ಡಿಸ್ಚಾರ್ಜ್ ಸಮ್ಮರಿ, ಸ್ಟೆಂಟಿನ ಸ್ಟಿಕ್ಕರ್, ಔಷಧದ ರಸೀದಿಗಳ ಸಮೇತ ಮರುಪಾವತಿಗೆ ಅರ್ಜಿ ಹಾಕಿತು. ಮಾರ್ಚ್ ತಿಂಗಳಲ್ಲಿ ಬಂದ ಉತ್ತರ ಒಂದೇ ಪುಟದ್ದು. ರೋಗಿಗೆ ಆರು ವರ್ಷಗಳಿಂದ ರಕ್ತದೊತ್ತಡ ಇದೆಯೆಂದು ಡಿಸ್ಚಾರ್ಜ್ ಸಮ್ಮರಿಯಲ್ಲಿ ನಮೂದಾಗಿದೆ. 2022ರ ನವೆಂಬರ್‌ನಲ್ಲಿ ಪಾಲಿಸಿ ಪಡೆಯುವಾಗ ಪ್ರಸ್ತಾವನಾ ನಮೂನೆಯಲ್ಲಿ ಇದನ್ನು ತಿಳಿಸಿಲ್ಲ. ಮಹತ್ವದ ಸಂಗತಿಯನ್ನು ಮರೆಮಾಚಿರುವ ಕಾರಣ ಕ್ಲೇಮನ್ನು ತಿರಸ್ಕರಿಸಲಾಗಿದೆ ಎಂಬುದು ಅದರ ಸಾರ.

ಆರೋಗ್ಯ ವಿಮೆಯ ತಿರಸ್ಕಾರಗಳಲ್ಲಿ ಅತಿ ಹೆಚ್ಚಾಗಿ ಕಾಣುವ ಕಾರಣಗಳಲ್ಲಿ ಇದೂ ಒಂದು. ಕಾಯುವ ಅವಧಿ ಮುಗಿದಿಲ್ಲ, ಒಳರೋಗಿಯಾಗಿ ದಾಖಲಾಗುವ ಅಗತ್ಯ ಇರಲಿಲ್ಲ, ಪಾಲಿಸಿಯಲ್ಲಿ ಆ ಚಿಕಿತ್ಸೆಯೇ ಹೊರಗಿದೆ ಎಂಬ ಕಾರಣಗಳೂ ಆಗಾಗ ಬರುತ್ತವೆ. ಆದರೆ ‘ಮರೆಮಾಚಿದ್ದಾರೆ’ ಎಂಬ ಮಾತಿಗೆ ಮಾತ್ರ ಒಂದು ವಿಶೇಷ ತೂಕವಿದೆ. ಅದು ಪಾಲಿಸಿದಾರರ ಪ್ರಾಮಾಣಿಕತೆಯನ್ನೇ ಪ್ರಶ್ನಿಸುವುದರಿಂದ, ಬಹಳಷ್ಟು ಜನ ಪತ್ರ ಓದಿ ಕುಗ್ಗಿಹೋಗಿ ಅಲ್ಲಿಗೇ ಕೈಬಿಡುತ್ತಾರೆ. ಈ ಪ್ರಕರಣದಲ್ಲಿ ಬೆಳೆಗಾರರ ಪತ್ನಿ ಕೈಬಿಡಲಿಲ್ಲ. ಅವರು ತಂದ ಕಡತವನ್ನು ಓದಿ, ಅರ್ಜಿಗಳನ್ನು ಬರೆಯಲು ನೆರವಾದವನಾಗಿ ನಾನು ಇದನ್ನು ದಾಖಲಿಸುತ್ತಿದ್ದೇನೆ. ಕುಟುಂಬದ ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದೆ.

ಮೊದಲು ನೋಡಬೇಕಾದ ದಿನಾಂಕ

ತಿರಸ್ಕಾರ ಪತ್ರ 2022ರ ನವೆಂಬರ್‌ನಿಂದ ಲೆಕ್ಕ ಶುರುಮಾಡಿತ್ತು. ವಾಸ್ತವದಲ್ಲಿ ಈ ಬೆಳೆಗಾರರು ಮೊದಲ ಬಾರಿಗೆ ಆರೋಗ್ಯ ವಿಮೆ ಮಾಡಿಸಿದ್ದು 2018ರ ನವೆಂಬರ್‌ನಲ್ಲಿ, ಬೇರೊಂದು ಕಂಪನಿಯಲ್ಲಿ, ಮೂರು ಲಕ್ಷ ರೂಪಾಯಿಗೆ. ನಾಲ್ಕು ವರ್ಷ ತಪ್ಪದೆ ನವೀಕರಿಸಿ, 2022ರಲ್ಲಿ ಅದನ್ನು ಈಗಿನ ಕಂಪನಿಗೆ ಪೋರ್ಟ್ ಮಾಡಿಸಿ, ಮೊತ್ತವನ್ನು ಐದು ಲಕ್ಷಕ್ಕೆ ಏರಿಸಿದ್ದರು. ಪೋರ್ಟಬಿಲಿಟಿಯ ಮುಖ್ಯ ಪ್ರಯೋಜನವೇ ಹಳೆಯ ಕಂಪನಿಯಲ್ಲಿ ಕಳೆದ ವರ್ಷಗಳು ವ್ಯರ್ಥವಾಗದೆ ಹೊಸ ಕಂಪನಿಯ ಲೆಕ್ಕಕ್ಕೆ ಸೇರುವುದು. ಪಾಲಿಸಿ ಶೆಡ್ಯೂಲಿನ ಎರಡನೆಯ ಪುಟದ ಕೆಳಭಾಗದಲ್ಲಿ, ಸಣ್ಣ ಅಕ್ಷರಗಳ ಕೋಷ್ಟಕವೊಂದರಲ್ಲಿ, ಹಿಂದಿನ ಪಾಲಿಸಿಯ ಆರಂಭದ ದಿನಾಂಕ ಮತ್ತು ಮೊತ್ತ ಎರಡೂ ಮುದ್ರಿತವಾಗಿದ್ದವು. ಕ್ಲೇಮು ಪರಿಶೀಲಿಸಿದವರು ಮೊದಲ ಪುಟದ ದಿನಾಂಕವನ್ನಷ್ಟೇ ನೋಡಿದ್ದರು.

ಈ ಕೋಷ್ಟಕ ಏಕೆ ಮುಖ್ಯವೆಂದರೆ, ಆರೋಗ್ಯ ವಿಮೆಯಲ್ಲಿ ಮೊರಟೋರಿಯಂ ಅವಧಿ ಎಂಬ ಒಂದು ರಕ್ಷಣೆ ಇದೆ. ಪಾಲಿಸಿ ನಿರಂತರವಾಗಿ ನಿಗದಿತ ಅವಧಿಯನ್ನು ಪೂರೈಸಿದ ಮೇಲೆ, ಸಂಗತಿ ತಿಳಿಸಿಲ್ಲ ಅಥವಾ ತಪ್ಪಾಗಿ ತಿಳಿಸಿದ್ದೀರಿ ಎಂಬ ಕಾರಣ ಒಡ್ಡಿ ಕಂಪನಿ ಕ್ಲೇಮನ್ನು ಪ್ರಶ್ನಿಸುವಂತಿಲ್ಲ. ವಂಚನೆ ಸಾಬೀತಾದರೆ ಮಾತ್ರ ಪ್ರಶ್ನಿಸಬಹುದು. ಹಿಂದೆ ಈ ಅವಧಿ ಎಂಟು ವರ್ಷ ಇತ್ತು. ಭಾರತೀಯ ವಿಮಾ ನಿಯಂತ್ರಣ ಮತ್ತು ಅಭಿವೃದ್ಧಿ ಪ್ರಾಧಿಕಾರ, ಅಂದರೆ ಐಆರ್‌ಡಿಎಐ, 2024ರ ಏಪ್ರಿಲ್ 1ರಿಂದ ಜಾರಿಗೆ ಬಂದ ನಿಯಮಗಳಲ್ಲಿ ಅದನ್ನು 60 ತಿಂಗಳಿಗೆ ಇಳಿಸಿತು. ಪೋರ್ಟ್ ಆದ ಪಾಲಿಸಿಯಾಗಿದ್ದರೆ ಹಿಂದಿನ ಕಂಪನಿಯಲ್ಲಿ ಕಳೆದ ತಿಂಗಳುಗಳೂ ಈ ಲೆಕ್ಕಕ್ಕೆ ಸೇರುತ್ತವೆ.

ಈ ಬೆಳೆಗಾರರ ಮನೆಯಲ್ಲಿದ್ದ ಪುಸ್ತಿಕೆ 2022ರದ್ದು. ಅದರಲ್ಲಿ ಎಂಟು ವರ್ಷ ಎಂದೇ ಇತ್ತು. ಅದನ್ನು ನಂಬಿದ್ದರೆ 2018ರಿಂದ ಲೆಕ್ಕ ಹಾಕಿದರೂ ಅವಧಿ ಮುಗಿದಿಲ್ಲವೆಂದು ತೋರುತ್ತಿತ್ತು. ಆದರೆ ಆಸ್ಪತ್ರೆ ಸೇರಿದಾಗ ಚಾಲ್ತಿಯಲ್ಲಿದ್ದದ್ದು 2024ರ ನವೆಂಬರ್‌ನಲ್ಲಿ ನವೀಕರಣಗೊಂಡ ಪಾಲಿಸಿ. ಅದರ ಷರತ್ತುಗಳು ಮಗನ ಇಮೇಲಿಗೆ ಪಿಡಿಎಫ್ ಆಗಿ ಬಂದಿದ್ದವು, ಯಾರೂ ತೆರೆದಿರಲಿಲ್ಲ. ತೆರೆದು ನೋಡಿದಾಗ ಮೊರಟೋರಿಯಂ ಅವಧಿ 60 ತಿಂಗಳೆಂದು ಸ್ಪಷ್ಟವಾಗಿಯೇ ಇತ್ತು. 2018ರ ನವೆಂಬರ್‌ನಿಂದ 2025ರ ಜನವರಿಗೆ 74 ತಿಂಗಳು ಕಳೆದಿದ್ದವು. ಆದ್ದರಿಂದ ತಿರಸ್ಕಾರ ಪತ್ರ ಕೈಗೆ ಬಂದ ಕೂಡಲೇ ಚಾಲ್ತಿ ವರ್ಷದ ಷರತ್ತುಗಳನ್ನೇ ಹುಡುಕಿ ಓದಬೇಕು. ಪೆಟ್ಟಿಗೆಯಲ್ಲಿರುವ ಹಳೆಯ ಪುಸ್ತಿಕೆ ದಾರಿ ತಪ್ಪಿಸಬಹುದು.

ಇಷ್ಟಾದರೂ ಪೂರ್ತಿ ಹಣಕ್ಕೆ ಈ ವಾದವೊಂದೇ ಸಾಲುತ್ತಿರಲಿಲ್ಲ. ಮೊರಟೋರಿಯಂ ಮೊದಲ ಪಾಲಿಸಿಯ ಮೊತ್ತಕ್ಕೆ ಅನ್ವಯಿಸುತ್ತದೆ. ನಂತರ ಏರಿಸಿದ ಮೊತ್ತಕ್ಕೆ ಏರಿಸಿದ ದಿನದಿಂದ ಹೊಸದಾಗಿ 60 ತಿಂಗಳು ಎಣಿಸಬೇಕು. ಅಂದರೆ ಮೂರು ಲಕ್ಷದವರೆಗೆ ಅವರು ಭದ್ರ. ಅದಕ್ಕೆ ಮೇಲ್ಪಟ್ಟ 86,000 ರೂಪಾಯಿ ಬರಬೇಕಿದ್ದದ್ದು 2022ರಲ್ಲಿ ಸೇರಿಸಿದ ಎರಡು ಲಕ್ಷದಿಂದ. ಆ ಭಾಗಕ್ಕೆ ಆಗ ಕೇವಲ 26 ತಿಂಗಳಾಗಿತ್ತು. ಅಲ್ಲಿ ಕಂಪನಿಯ ಆರೋಪಕ್ಕೆ ನೇರವಾಗಿ, ಸಂಗತಿಯ ಮೇಲೆಯೇ ಉತ್ತರ ಕೊಡಬೇಕಿತ್ತು: 2022ರ ನವೆಂಬರ್‌ಗೆ ಮುಂಚೆ ಇವರಿಗೆ ರಕ್ತದೊತ್ತಡ ಇತ್ತೇ, ಇಲ್ಲವೇ?

‘ಆರು ವರ್ಷ’ ಬಂದದ್ದು ಎಲ್ಲಿಂದ

ಪತ್ನಿಯ ನೆನಪಿನ ಪ್ರಕಾರ ಬಿ.ಪಿ. ಮಾತ್ರೆ ಶುರುವಾಗಿ ಎರಡು ವರ್ಷವೂ ಆಗಿರಲಿಲ್ಲ. ಪೋರ್ಟ್ ಮಾಡಿಸುವಾಗ ಏಜೆಂಟು ಮನೆಗೆ ಬಂದು, “ಅಣ್ಣಾ, ಶುಗರ್ರು, ಬಿ.ಪಿ. ಏನೂ ಇಲ್ಲ ತಾನೇ?” ಎಂದು ಕೇಳಿಯೇ ‘ಇಲ್ಲ’ ಎಂದು ಗುರುತು ಹಾಕಿದ್ದರೆಂದೂ, ಆಗ ಅದು ನಿಜವೇ ಆಗಿತ್ತೆಂದೂ ಅವರು ಹೇಳಿದರು. ಆದರೆ ನೆನಪು ದಾಖಲೆಯಲ್ಲ. ಡಿಸ್ಚಾರ್ಜ್ ಸಮ್ಮರಿ ದಾಖಲೆ.

ಡಿಸ್ಚಾರ್ಜ್ ಸಮ್ಮರಿಯ ‘ಹಿಂದಿನ ಕಾಯಿಲೆಗಳು’ ಎಂಬ ಸಾಲು ವೈದ್ಯರು ಪರೀಕ್ಷೆ ಮಾಡಿ ಕಂಡುಕೊಂಡದ್ದಲ್ಲ. ರೋಗಿಯೋ ಜೊತೆಗೆ ಬಂದವರೋ ಗಾಬರಿಯಲ್ಲಿ ಹೇಳಿದ್ದನ್ನು ತುರ್ತು ವಿಭಾಗದ ವೈದ್ಯರು ಬರೆದುಕೊಳ್ಳುತ್ತಾರೆ. ಅದನ್ನು ಮತ್ತೊಬ್ಬರು ನೋಡಿ ಡಿಸ್ಚಾರ್ಜಿನ ದಿನ ಟೈಪ್ ಮಾಡುತ್ತಾರೆ. ಹಾಗಾಗಿ ಈ ಸಾಲಿನ ಮೇಲೆ ನಿಂತ ತಿರಸ್ಕಾರವನ್ನು ಎದುರಿಸುವಾಗ ಮೊದಲು ಮಾಡಬೇಕಾದ ಕೆಲಸ, ಒಳರೋಗಿ ಕೇಸ್ ಶೀಟಿನ ಪೂರ್ತಿ ಪ್ರತಿ ಪಡೆಯುವುದು. ರೋಗಿ ಲಿಖಿತವಾಗಿ ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕೆಂದು 2002ರ ವೈದ್ಯಕೀಯ ವೃತ್ತಿ ನಡವಳಿಕೆ ನಿಯಮಗಳು ಹೇಳುತ್ತವೆ. ಆಸ್ಪತ್ರೆಯ ವೈದ್ಯಕೀಯ ದಾಖಲೆ ವಿಭಾಗಕ್ಕೆ ಈ ನಿಯಮವನ್ನು ಉಲ್ಲೇಖಿಸಿ ಅರ್ಜಿ ಕೊಟ್ಟು, ಅದರ ನಕಲಿನ ಮೇಲೆ ಸ್ವೀಕೃತಿ ಮುದ್ರೆ ಹಾಕಿಸಿಕೊಂಡ ಮೇಲೆ ಪ್ರತಿಗಳು ಸಿಕ್ಕವು.

ತುರ್ತು ವಿಭಾಗದ ಮೊದಲ ಹಾಳೆಯಲ್ಲಿ, ಕೈಬರಹದಲ್ಲಿ, ರಕ್ತದೊತ್ತಡ ಎರಡು ವರ್ಷದಿಂದ ಎಂದಿತ್ತು. ನರ್ಸ್ ತುಂಬಿದ ದಾಖಲಾತಿ ಹಾಳೆಯಲ್ಲೂ ಎರಡೇ ವರ್ಷ. ಟೈಪ್ ಮಾಡಿದ ಸಮ್ಮರಿಯಲ್ಲಿ ಮಾತ್ರ ಆರು. ಅದು ಹೇಗೆ ಆರಾಯಿತೆಂಬುದನ್ನು ಪತ್ತೆಹಚ್ಚುವ ಅಗತ್ಯ ಇರಲಿಲ್ಲ. ಒಂದೇ ಆಸ್ಪತ್ರೆಯ ದಾಖಲೆಗಳು ಒಂದಕ್ಕೊಂದು ಹೊಂದುವುದಿಲ್ಲ ಎಂಬುದನ್ನು ತೋರಿಸಿದರೆ ಸಾಕಿತ್ತು. ಸಮ್ಮರಿಯನ್ನು ತಿದ್ದಿಸಿಕೊಂಡು ಬರೋಣವೇ ಎಂದು ಮಗ ಕೇಳಿದಾಗ ನಾನು ಬೇಡವೆಂದೆ. ತಿರಸ್ಕಾರದ ನಂತರ ಬದಲಾದ ಸಮ್ಮರಿಯನ್ನು ಕಂಪನಿ ಅನುಮಾನದಿಂದಲೇ ನೋಡುತ್ತದೆ, ಮತ್ತು ಆ ಅನುಮಾನ ಕುಟುಂಬದ ಮೇಲೆಯೇ ಬೀಳುತ್ತದೆ. ಮೂಲ ಹಾಳೆಯ ಪ್ರತಿಯ ಜೊತೆಗೆ, ಅದನ್ನು ನೋಡಿ ಚಿಕಿತ್ಸೆ ಕೊಟ್ಟ ವೈದ್ಯರು ಬರೆದುಕೊಟ್ಟ ಸ್ಪಷ್ಟೀಕರಣ ಪತ್ರವಿದ್ದರೆ ಅದಕ್ಕೆ ಹೆಚ್ಚು ಬೆಲೆ. ವೈದ್ಯರು ಅಂಥ ಪತ್ರ ಕೊಟ್ಟರು.

ಸೋಮವಾರಪೇಟೆಯ ಕ್ಲಿನಿಕ್ಕಿನ ಹೊರರೋಗಿ ಚೀಟಿಯಲ್ಲಿ ಬಿ.ಪಿ. ಮಾತ್ರೆಯನ್ನು ಮೊದಲು ಬರೆದ ದಿನಾಂಕ 2023ರ ಫೆಬ್ರವರಿಯದ್ದು, ಅಂದರೆ ಪೋರ್ಟ್ ಆದ ಮೂರು ತಿಂಗಳ ನಂತರದ್ದು. ಇದಕ್ಕಿಂತಲೂ ಉಪಯೋಗಕ್ಕೆ ಬಂದದ್ದು, ಮನೆಯವರು ಲೆಕ್ಕಕ್ಕೇ ತೆಗೆದುಕೊಳ್ಳದಿದ್ದ ಒಂದು ಹಳೆಯ ಕಾಗದ. 2021ರಲ್ಲಿ ಡೆಂಗಿ ಜ್ವರಕ್ಕೆ ಮಡಿಕೇರಿಯಲ್ಲಿ ಮೂರು ದಿನ ಆಸ್ಪತ್ರೆಯಲ್ಲಿದ್ದಾಗಿನ ಡಿಸ್ಚಾರ್ಜ್ ಸಮ್ಮರಿಯಲ್ಲಿ ರಕ್ತದೊತ್ತಡ 126/82 ಎಂದೂ, ಹಿಂದಿನ ಕಾಯಿಲೆ ಯಾವುದೂ ಇಲ್ಲವೆಂದೂ ಇತ್ತು. ಆ ಕ್ಲೇಮನ್ನು ಹಳೆಯ ಕಂಪನಿ ಪಾವತಿಸಿತ್ತು. ‘ಆರು ವರ್ಷ’ ನಿಜವಾಗಿದ್ದರೆ ಕಾಯಿಲೆ 2019ರಿಂದ ಇರಬೇಕಿತ್ತು. 2021ರಲ್ಲಿ ಅದರ ಸುಳಿವೇ ಇರಲಿಲ್ಲ. ವಿವಾದ ಹುಟ್ಟುವ ಎಷ್ಟೋ ಮೊದಲು, ಯಾವ ಲಾಭದ ಉದ್ದೇಶವೂ ಇಲ್ಲದೆ ಬರೆದ ದಾಖಲೆಗೆ ಇರುವ ಬಲ ಈಗ ಬರೆಸಿದ ಪ್ರಮಾಣಪತ್ರಕ್ಕೆ ಇರುವುದಿಲ್ಲ.

ಇನ್ನೊಂದು ಅಂಶವೂ ಗಮನಕ್ಕೆ ಬಂತು. ಕಂಪನಿ ಹೇಳಿದ ಆರು ವರ್ಷವನ್ನೇ ಒಪ್ಪಿದರೂ ಕಾಯಿಲೆಯ ಆರಂಭ 2019ರ ಜನವರಿಯ ಸುಮಾರಿಗೆ ಬರುತ್ತದೆ. ಮೊದಲ ಪಾಲಿಸಿ ಅದಕ್ಕೂ ಹಿಂದಿನದು. ಹೀಗಾಗಿ ಮೂರು ಲಕ್ಷದ ಮಟ್ಟಿಗೆ, ಕಂಪನಿಯ ಸ್ವಂತ ಸಾಕ್ಷ್ಯದ ಪ್ರಕಾರವೂ ಅದು ‘ಮೊದಲೇ ಇದ್ದ ಕಾಯಿಲೆ’ ಆಗುತ್ತಿರಲಿಲ್ಲ.

ಇಲ್ಲಿ ಒಂದು ಎಚ್ಚರಿಕೆ ಹೇಳಲೇಬೇಕು. “ಬಿ.ಪಿ. ಮುಚ್ಚಿಟ್ಟರೇನಂತೆ, ಹೃದಯಾಘಾತಕ್ಕೂ ಅದಕ್ಕೂ ಸಂಬಂಧವಿಲ್ಲ” ಎಂಬ ವಾದವನ್ನು ಮುಖ್ಯ ವಾದವಾಗಿ ಹಿಡಿಯುವುದು ಅಪಾಯಕಾರಿ. ಸತ್ವಂತ್ ಕೌರ್ ಸಂಧು ಪ್ರಕರಣದಲ್ಲಿ 2009ರಲ್ಲಿ ಸುಪ್ರೀಂ ಕೋರ್ಟ್, ಪ್ರಸ್ತಾವನಾ ನಮೂನೆಯಲ್ಲಿ ಕೇಳಿದ ಪ್ರಶ್ನೆಗೆ ಗೊತ್ತಿದ್ದೂ ಉತ್ತರ ಮರೆಮಾಚಿದರೆ ಕ್ಲೇಮು ತಿರಸ್ಕರಿಸುವ ಹಕ್ಕು ಕಂಪನಿಗೆ ಇದೆಯೆಂದು ಎತ್ತಿಹಿಡಿದಿದೆ. ನಿಜವಾಗಿಯೂ ಕಾಯಿಲೆ ಇದ್ದು, ಮೊರಟೋರಿಯಂ ಮುಗಿಯದೆ, ನಮೂನೆಯಲ್ಲಿ ‘ಇಲ್ಲ’ ಎಂದು ಬರೆದಿದ್ದರೆ ಪಾಲಿಸಿದಾರರ ಪಕ್ಷ ದುರ್ಬಲವೇ. ಏಜೆಂಟು ತುಂಬಿದ್ದು ಎಂಬ ಸಮಜಾಯಿಷಿ, ಕೆಳಗೆ ಸಹಿ ಇರುವಾಗ, ಹೆಚ್ಚು ದೂರ ಒಯ್ಯುವುದಿಲ್ಲ. ಈ ಕುಟುಂಬ ಗೆದ್ದದ್ದು ಸಂಗತಿ ಅವರ ಕಡೆ ಇದ್ದುದರಿಂದ ಮತ್ತು ಅದಕ್ಕೆ ಕಾಗದ ಇದ್ದುದರಿಂದ.

ಕಂಪನಿಗೆ ಬರೆದ ದೂರು

ಏಪ್ರಿಲ್ ಮೊದಲ ವಾರದಲ್ಲಿ ಕಂಪನಿಯ ಕುಂದುಕೊರತೆ ಪರಿಹಾರ ಅಧಿಕಾರಿಗೆ ದೂರು ಹೋಯಿತು. ಅಂಚೆಯಲ್ಲೂ ಇಮೇಲಿನಲ್ಲೂ ಕಳುಹಿಸಿ, ಅದೇ ದಿನ ಐಆರ್‌ಡಿಎಐಯ ಬಿಮಾ ಭರೋಸಾ ಪೋರ್ಟಲ್ಲಿನಲ್ಲಿ (bimabharosa.irdai.gov.in) ನೋಂದಾಯಿಸಿ ಟೋಕನ್ ಸಂಖ್ಯೆ ಪಡೆದೆವು. ಇಂಟರ್ನೆಟ್ ಬಳಸದವರು 155255ಕ್ಕೆ ಕರೆ ಮಾಡಿಯೂ ದೂರು ದಾಖಲಿಸಬಹುದು. ಪೋರ್ಟಲ್ ಸ್ವತಃ ತೀರ್ಪು ಕೊಡುವುದಿಲ್ಲ. ದೂರನ್ನು ಕಂಪನಿಗೆ ದಾಟಿಸಿ ಉತ್ತರವನ್ನು ಗಮನಿಸುತ್ತದೆ. ಅದರ ಉಪಯೋಗ ದಿನಾಂಕ ದಾಖಲಾಗುವುದರಲ್ಲಿದೆ.

ಬಿಲ್ಲಿನ ದೊಡ್ಡ ಮೊತ್ತ, ಕುಟುಂಬದ ಕಷ್ಟ, ಏಜೆಂಟಿನ ನಡತೆ ಯಾವುದನ್ನೂ ದೂರಿನಲ್ಲಿ ಬರೆಯಲಿಲ್ಲ. ಅದರ ತಿರುಳು ಹೀಗಿತ್ತು: “ನನ್ನ ವಿಮೆ 2018ರ ನವೆಂಬರ್‌ನಿಂದ ನಿರಂತರವಾಗಿದ್ದು, ನಿಮ್ಮದೇ ಶೆಡ್ಯೂಲಿನ ಎರಡನೆಯ ಪುಟ ಇದನ್ನು ಒಪ್ಪಿಕೊಂಡಿದೆ. ಮೂರು ಲಕ್ಷ ರೂಪಾಯಿಯವರೆಗೆ 60 ತಿಂಗಳ ಮೊರಟೋರಿಯಂ ಮುಗಿದಿದೆ. ನಿಮ್ಮ ಪತ್ರದಲ್ಲಿ ವಂಚನೆಯ ಆರೋಪವಿಲ್ಲ. ಉಳಿದ 86,000 ರೂಪಾಯಿಗೆ ಸಂಬಂಧಿಸಿದಂತೆ, ಪಾಲಿಸಿ ಪಡೆದಾಗ ನನಗೆ ರಕ್ತದೊತ್ತಡ ಇರಲಿಲ್ಲ; ಲಗತ್ತಿಸಿದ ಐದು ದಾಖಲೆಗಳನ್ನು ನೋಡಿರಿ. ತಿರಸ್ಕಾರಕ್ಕೆ ಆಧಾರವಾದ ಪಾಲಿಸಿ ಷರತ್ತಿನ ಸಂಖ್ಯೆಯನ್ನೂ, ಕ್ಲೇಮು ಪರಿಶೀಲನಾ ಸಮಿತಿ ಒಪ್ಪಿಗೆ ನೀಡಿದ ದಿನಾಂಕವನ್ನೂ ತಿಳಿಸಿರಿ.”

ಕೊನೆಯ ವಾಕ್ಯಕ್ಕೆ ಆಧಾರವಿದೆ. 2024ರ ಮೇ 29ರ ಐಆರ್‌ಡಿಎಐ ಮಾಸ್ಟರ್ ಸುತ್ತೋಲೆಯ ಪ್ರಕಾರ, ಕಂಪನಿಯೊಳಗಿನ ಪರಿಶೀಲನಾ ಸಮಿತಿಯ ಒಪ್ಪಿಗೆಯಿಲ್ಲದೆ ಯಾವುದೇ ಆರೋಗ್ಯ ಕ್ಲೇಮನ್ನು ತಿರಸ್ಕರಿಸುವಂತಿಲ್ಲ, ಮತ್ತು ತಿರಸ್ಕರಿಸಿದರೆ ನಿರ್ದಿಷ್ಟ ಷರತ್ತನ್ನು ಉಲ್ಲೇಖಿಸಬೇಕು. ಕಂಪನಿಯ ಪರವಾಗಿ ಕ್ಲೇಮುಗಳನ್ನು ನಿರ್ವಹಿಸುವ ಹೊರಗಿನ ಸಂಸ್ಥೆ, ಅಂದರೆ ಟಿಪಿಎ, ತಾನೇ ನಿರ್ಧರಿಸಿ ಕಳುಹಿಸಿದ ಪತ್ರಗಳಿಗೆ ಈ ಪ್ರಶ್ನೆ ಸರಿಯಾದ ಪರೀಕ್ಷೆ.

‘ವಂಚನೆಯ ಆರೋಪವಿಲ್ಲ’ ಎಂದು ಎತ್ತಿ ತೋರಿಸಿದ್ದಕ್ಕೂ ಕಾರಣವಿದೆ. ತಿರಸ್ಕಾರ ಪತ್ರದಲ್ಲಿ ಹೇಳದ ಹೊಸ ಕಾರಣವನ್ನು ಕಂಪನಿ ಮುಂದೆ ವ್ಯಾಜ್ಯದಲ್ಲಿ ಎತ್ತುವಂತಿಲ್ಲ ಎಂಬ ತತ್ವವನ್ನು ಸುಪ್ರೀಂ ಕೋರ್ಟ್ ಗಲಾಡ ಪವರ್ (2016) ಮತ್ತು ಸೌರಾಷ್ಟ್ರ ಕೆಮಿಕಲ್ಸ್ (2019) ಪ್ರಕರಣಗಳಲ್ಲಿ ಹೇಳಿದೆ. ಆದ್ದರಿಂದ ತಿರಸ್ಕಾರ ಪತ್ರದ ಒಂದೊಂದು ಪದವೂ ಪಾಲಿಸಿದಾರರಿಗೆ ಮುಖ್ಯ; ಫೋನಿನಲ್ಲಿ ಕೇಳಿದ ಕಾರಣವನ್ನು ನೆಚ್ಚದೆ ಲಿಖಿತ ಪತ್ರವನ್ನೇ ಪಡೆದುಕೊಳ್ಳಬೇಕು. ಎರಡು ವಾರದಲ್ಲಿ ಬಂದ ಉತ್ತರದಲ್ಲಿ ಹಳೆಯ ನಿರ್ಧಾರವೇ ಇತ್ತು. ಮೊರಟೋರಿಯಂ ಬಗ್ಗೆ ಒಂದು ಮಾತೂ ಇರಲಿಲ್ಲ.

ಬೆಂಗಳೂರೋ, ಮಡಿಕೇರಿಯೋ

ಮುಂದೆ ಎರಡು ದಾರಿಗಳಿದ್ದವು. ಒಂದು, ಬೆಂಗಳೂರಿನ ಜೆ.ಪಿ. ನಗರದಲ್ಲಿರುವ, ವಿಮಾ ದೂರುಗಳನ್ನು ಆಲಿಸಿ ತೀರ್ಪು ಕೊಡುವ, ಇಡೀ ಕರ್ನಾಟಕದ ವ್ಯಾಪ್ತಿಯ ವಿಮಾ ಓಂಬುಡ್ಸ್‌ಮನ್ ಕಚೇರಿ. ಇನ್ನೊಂದು, ಮಡಿಕೇರಿಯಲ್ಲಿರುವ ಕೊಡಗು ಜಿಲ್ಲಾ ಗ್ರಾಹಕ ವ್ಯಾಜ್ಯಗಳ ಪರಿಹಾರ ಆಯೋಗ. ಹತ್ತಿರ ಎಂಬ ಕಾರಣಕ್ಕೆ ಮಗ ಮಡಿಕೇರಿಯ ಪರವಾಗಿದ್ದ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ದೂರುದಾರರು ವಾಸಿಸುವ ಜಿಲ್ಲೆಯಲ್ಲೇ ದೂರು ಹಾಕಬಹುದು. ಕಂಪನಿಯ ಕಚೇರಿ ಎಲ್ಲಿದೆ ಎಂಬುದು ಅಡ್ಡಿಯಾಗುವುದಿಲ್ಲ. ಜಿಲ್ಲಾ ಆಯೋಗದ ವ್ಯಾಪ್ತಿ ನಿರ್ಧಾರವಾಗುವುದು ಕಟ್ಟಿದ ಪ್ರೀಮಿಯಂ ಮೇಲೆ. ಅದು 50 ಲಕ್ಷ ಮೀರದಿದ್ದರೆ ಸಾಕು. ಪ್ರೀಮಿಯಂ ಐದು ಲಕ್ಷದೊಳಗಿದ್ದರೆ ಶುಲ್ಕವೂ ಇಲ್ಲ. ಕ್ಲೇಮಿನ ಹಣದ ಜೊತೆಗೆ ಮಾನಸಿಕ ಯಾತನೆಗೆ ಪರಿಹಾರ, ವ್ಯಾಜ್ಯದ ಖರ್ಚು ಕೊಡಿಸುವ ಅಧಿಕಾರ ಆಯೋಗಕ್ಕಿದೆ.

ಆದರೂ ನಾವು ಓಂಬುಡ್ಸ್‌ಮನ್ ಅವರನ್ನೇ ಆರಿಸಿಕೊಂಡೆವು. ಅಲ್ಲಿ ಶುಲ್ಕವಿಲ್ಲ, ವಕೀಲರಿಗೆ ಅವಕಾಶವಿಲ್ಲ, ಬೇಕಾದ ದಾಖಲೆಗಳೆಲ್ಲ ತಲುಪಿದ ಮೂರು ತಿಂಗಳಲ್ಲಿ ತೀರ್ಪು ಬರಬೇಕೆಂಬ ನಿಯಮವಿದೆ. 50 ಲಕ್ಷದವರೆಗೆ ಅವರು ಕೊಡುವ ತೀರ್ಪು ಕಂಪನಿಗೆ ಬದ್ಧ. ಪಾಲಿಸಿದಾರರಿಗೆ ಒಪ್ಪಿಗೆಯಾಗದಿದ್ದರೆ ಅವರು ಆಯೋಗಕ್ಕೆ ಹೋಗಬಹುದು. ತಿರುಗಿಸಿ ನೋಡಿದರೆ ಹಾಗಿಲ್ಲ: ಆಯೋಗದಲ್ಲಿ ಪ್ರಕರಣ ಬಾಕಿಯಿದ್ದರೆ ಅಥವಾ ತೀರ್ಮಾನವಾಗಿದ್ದರೆ ಓಂಬುಡ್ಸ್‌ಮನ್ ಕೈಗೆತ್ತಿಕೊಳ್ಳುವುದಿಲ್ಲ. ಕ್ರಮ ತಪ್ಪಿದರೆ ಒಂದು ಬಾಗಿಲು ಮುಚ್ಚಿಹೋಗುತ್ತದೆ. ನಮ್ಮ ವಿವಾದ ಪೂರ್ತಿಯಾಗಿ ಕಾಗದದ ಮೇಲಿದ್ದು, ಯಾರನ್ನೂ ಪಾಟೀಸವಾಲಿಗೆ ಒಳಪಡಿಸುವ ಅಗತ್ಯವಿರಲಿಲ್ಲ. ಸಹಿ ತನ್ನದಲ್ಲ, ಏಜೆಂಟು ಮೋಸ ಮಾಡಿದ್ದಾನೆ ಎಂಬಂಥ ವಿವಾದವಾಗಿದ್ದರೆ ನಾನು ಮಡಿಕೇರಿಯನ್ನೇ ಸೂಚಿಸುತ್ತಿದ್ದೆ.

ಗಡುವುಗಳೂ ಬೇರೆಬೇರೆ. ಕಂಪನಿಯ ಅಂತಿಮ ಉತ್ತರ ಬಂದ ಒಂದು ವರ್ಷದೊಳಗೆ ಓಂಬುಡ್ಸ್‌ಮನ್‌ಗೆ ದೂರು ಕೊಡಬೇಕು. ಕಂಪನಿ ಒಂದು ತಿಂಗಳು ಉತ್ತರಿಸದಿದ್ದರೂ ಹೋಗಬಹುದು. ಗ್ರಾಹಕ ಆಯೋಗಕ್ಕೆ ವ್ಯಾಜ್ಯಕಾರಣ ಹುಟ್ಟಿದ ದಿನದಿಂದ ಎರಡು ವರ್ಷ. ಓಂಬುಡ್ಸ್‌ಮನ್ ಮುಂದೆ ಕಳೆದ ಸಮಯವನ್ನು ಈ ಎರಡು ವರ್ಷದಿಂದ ಕಳೆಯುತ್ತಾರೆಂದು ನೆಚ್ಚಿ ಕೂರದೆ, ತಿರಸ್ಕಾರ ಪತ್ರದ ದಿನದಿಂದಲೇ ಗಡುವು ಓಡುತ್ತಿದೆಯೆಂದು ಎಣಿಸುವುದು ಕ್ಷೇಮ.

ಇದೇ ಕುಟುಂಬದ ಕೈಯಲ್ಲಿ ಜೀವ ವಿಮೆಯ ತಿರಸ್ಕಾರ ಪತ್ರವಿದ್ದಿದ್ದರೆ ವಾದದ ನೆಲೆ ಬೇರೆಯಾಗುತ್ತಿತ್ತು. ಅಲ್ಲಿ 1938ರ ವಿಮಾ ಕಾಯ್ದೆಯ 45ನೆಯ ಕಲಂ ಅನ್ವಯಿಸುತ್ತದೆ. ಪಾಲಿಸಿ ಕೊಟ್ಟು ಅಥವಾ ಪುನಶ್ಚೇತನಗೊಳಿಸಿ, ಯಾವುದು ಈಚಿನದೋ ಅದರಿಂದ, ಮೂರು ವರ್ಷ ಕಳೆದರೆ ವಂಚನೆಯೂ ಸೇರಿ ಯಾವ ಕಾರಣಕ್ಕೂ ಪಾಲಿಸಿಯನ್ನು ಪ್ರಶ್ನಿಸುವಂತಿಲ್ಲ. ಕಂತು ತಪ್ಪಿ ಪಾಲಿಸಿ ನಿಂತು, ಮತ್ತೆ ಚಾಲು ಮಾಡಿಸಿದವರಿಗೆ ಮೂರು ವರ್ಷ ಹೊಸದಾಗಿ ಶುರುವಾಗುತ್ತದೆ ಎಂಬುದು ಅನೇಕರಿಗೆ ತಿಳಿದಿರುವುದಿಲ್ಲ. ದೂರಿನ ವೇದಿಕೆಗಳು ಮಾತ್ರ ಎರಡಕ್ಕೂ ಇವೇ.

ವಿಚಾರಣೆ ಮತ್ತು ತೀರ್ಪು

ಮೇ ತಿಂಗಳಲ್ಲಿ ದೂರು ದಾಖಲಾಯಿತು. ಒಪ್ಪಿಗೆ ಪತ್ರ ಮತ್ತು ಹೆಚ್ಚುವರಿ ದಾಖಲೆಗಳು ಸೇರಿ ಕಡತ ಪೂರ್ತಿಯಾದದ್ದು ಜುಲೈ ಕೊನೆಗೆ. ಸೆಪ್ಟೆಂಬರ್‌ನಲ್ಲಿ ವಿಡಿಯೊ ಮೂಲಕ ವಿಚಾರಣೆ ನಡೆಯಿತು. ಮಳೆಗಾಲದಲ್ಲಿ ತೋಟದ ಮನೆಯಲ್ಲಿ ನೆಟ್‌ವರ್ಕ್ ಸಿಗದ ಕಾರಣ ದಂಪತಿಗಳು ಕುಶಾಲನಗರದ ಬಂಧುಗಳ ಮನೆಯಿಂದ ಹಾಜರಾದರು. ಕಂಪನಿಯ ಪ್ರತಿನಿಧಿ ‘ಆರು ವರ್ಷ’ದ ಸಾಲನ್ನು ಓದಿದರು. ಪತ್ನಿ ತುರ್ತು ವಿಭಾಗದ ಹಾಳೆ, 2021ರ ಸಮ್ಮರಿ, ಶೆಡ್ಯೂಲಿನ ಎರಡನೆಯ ಪುಟ, ಈ ಮೂರನ್ನು ಪುಟಸಂಖ್ಯೆ ಹೇಳಿ ತೋರಿಸಿದರು. ಹಿಂದಿನ ಪಾಲಿಸಿಯ ಅವಧಿಯನ್ನು ಏಕೆ ಪರಿಗಣಿಸಲಿಲ್ಲವೆಂಬ ಪ್ರಶ್ನೆಗೆ ಪ್ರತಿನಿಧಿಯಲ್ಲಿ ಉತ್ತರವಿರಲಿಲ್ಲ.

ಅಕ್ಟೋಬರ್‌ನಲ್ಲಿ ಬಂದ ತೀರ್ಪು ಮೂರು ಲಕ್ಷವನ್ನು ಮೊರಟೋರಿಯಂ ಆಧಾರದ ಮೇಲೂ, ಉಳಿದದ್ದನ್ನು ಮರೆಮಾಚಿದ್ದಾರೆಂಬುದು ಸಾಬೀತಾಗಿಲ್ಲ ಎಂಬ ಆಧಾರದ ಮೇಲೂ ಮಂಜೂರು ಮಾಡಿತು. ಕೈಗವಸು, ನೋಂದಣಿ ಶುಲ್ಕದಂಥ, ಪಾಲಿಸಿಯೇ ಕೊಡದ ಬಾಬತ್ತುಗಳ 11,000 ರೂಪಾಯಿ ಕಡಿತವಾಗಿ, 3,75,000 ರೂಪಾಯಿ ಮತ್ತು ವಿಳಂಬಕ್ಕೆ ನಿಯಮದ ಬಡ್ಡಿ ದೊರೆಯಿತು. ವಿಮಾ ನಿಯಮಗಳಲ್ಲಿ ಈ ಬಡ್ಡಿ ಬ್ಯಾಂಕ್ ದರಕ್ಕಿಂತ ಶೇ 2 ಹೆಚ್ಚು. ತೀರ್ಪು ತಲುಪಿದ 30 ದಿನದೊಳಗೆ ಕಂಪನಿ ಪಾವತಿಸಬೇಕು, ತಪ್ಪಿದರೆ ದಿನಕ್ಕೆ 5,000 ರೂಪಾಯಿಯಂತೆ ಪಾಲಿಸಿದಾರರಿಗೆ ಕೊಡಬೇಕಾಗುತ್ತದೆ. ಇಲ್ಲಿ ನವೆಂಬರ್ ಮಧ್ಯದಲ್ಲಿ ಹಣ ಖಾತೆಗೆ ಬಂತು. ಯಾತನೆಗೆ ಪರಿಹಾರ ಸಿಗಲಿಲ್ಲ. ವ್ಯಾಪಾರಿಯ ಮುಂಗಡ ತೀರಿಸಲು ಕಾಫಿಯನ್ನು ಬೇಗ ಮಾರಿದ್ದರಿಂದಾದ ನಷ್ಟವನ್ನೂ ಯಾರೂ ತುಂಬಿಕೊಡಲಿಲ್ಲ. ಆಯೋಗಕ್ಕೆ ಹೋಗಿ ಅದನ್ನು ಕೇಳಬಹುದಿತ್ತಾದರೂ ಕುಟುಂಬ ಇಷ್ಟಕ್ಕೇ ಒಪ್ಪಿಕೊಂಡಿತು.

ಅದೇ ತಿಂಗಳ ನವೀಕರಣದ ಹೊತ್ತಿಗೆ ರಕ್ತದೊತ್ತಡ 2023ರ ಫೆಬ್ರವರಿಯಲ್ಲಿ ಪತ್ತೆಯಾದದ್ದು ಎಂಬುದನ್ನು ಲಿಖಿತವಾಗಿ ಕಂಪನಿಗೆ ತಿಳಿಸಿ, ಸ್ವೀಕೃತಿ ಪಡೆದು ಕಡತಕ್ಕೆ ಸೇರಿಸಲಾಗಿದೆ. ಏರಿಸಿದ ಎರಡು ಲಕ್ಷದ ಭಾಗಕ್ಕೆ 60 ತಿಂಗಳು ತುಂಬುವುದು 2027ರ ನವೆಂಬರ್‌ನಲ್ಲಿ. ಅಲ್ಲಿಯವರೆಗೆ ಒಂದು ನವೀಕರಣವೂ ತಪ್ಪಬಾರದು, ಮತ್ತು ಆ ಹಳೆಯ ಚೀಟಿಗಳನ್ನು ಎಸೆಯಬಾರದು.